‘ಕರ್ಮಣ್ಯೇ’ ಎಂಬ ಪದ ಈ ಶ್ಲೋಕದಲ್ಲಿ ಇಲ್ಲ

ಗೀತೆಯ ಎರಡನೇ ಅಧ್ಯಾಯದ 47ನೇ ಶ್ಲೋಕ ಕೇಳದವರು ಉಡುಪಿಯಲ್ಲಿ ಸಿಗುವುದು ಕಷ್ಟ. ಕಂಠಪಾಠ ಸ್ಪರ್ಧೆಯ ವೇದಿಕೆಯಲ್ಲಿ, ಶಾಲಾ ವಾರ್ಷಿಕೋತ್ಸವದ ಸ್ವಾಗತ ಭಾಷಣದಲ್ಲಿ, ಬೀಳ್ಕೊಡುಗೆ ಸಮಾರಂಭದಲ್ಲಿ ಅದು ಕಿವಿಗೆ ಬೀಳುತ್ತಲೇ ಇರುತ್ತದೆ. ಹತ್ತರಲ್ಲಿ ಎಂಟು ಮಂದಿ ಅದನ್ನು ಓದುವುದು ಹೀಗೆ: ‘ಕರ್ಮಣ್ಯೇ’, ಒಂದು ಸಣ್ಣ ನಿಲುಗಡೆ, ಆಮೇಲೆ ‘ವಾಧಿಕಾರಸ್ತೇ’. ಕರ್ಮಣ್ಯೇ ಎಂಬ ಪದ ಇಲ್ಲಿಲ್ಲ, ವಾಧಿಕಾರ ಎಂಬ ಪದವಂತೂ ಸಂಸ್ಕೃತದಲ್ಲೇ ಇಲ್ಲ. ನಡುವಿನ ‘ಏವ’ ಎಂಬ ಪದವನ್ನು ಅರ್ಧಕ್ಕೆ ತುಂಡರಿಸಿ, ಅದರ ತಲೆಯನ್ನು ಹಿಂದಿನ ಪದಕ್ಕೂ ಬಾಲವನ್ನು ಮುಂದಿನ ಪದಕ್ಕೂ ಅಂಟಿಸಿದ ಓದು ಅದು.

ಹೈಸ್ಕೂಲಿನ ಸಂಸ್ಕೃತ ವಿದ್ಯಾರ್ಥಿಗಳಿಗೆಂದು ನಾನು ಮಾಡುವ ಮೂರು ನಿಮಿಷದ ವಿಡಿಯೊಗಳಲ್ಲಿ ಮೊದಲನೆಯದಕ್ಕೆ ಈ ಶ್ಲೋಕವನ್ನೇ ಆರಿಸಿಕೊಂಡಿದ್ದು ಈ ಕಾರಣಕ್ಕೆ. ಪುತ್ತಿಗೆ ಮಠದ ಪರ್ಯಾಯದಲ್ಲಿ ನಡೆದ ಕೋಟಿ ಗೀತಾ ಲೇಖನ ಯಜ್ಞದಲ್ಲಿ ಗೀತೆಯನ್ನು ಕೈಯಾರೆ ಬರೆದ ಮಕ್ಕಳೂ ನಮ್ಮಲ್ಲಿದ್ದಾರೆ. ಅವರ ಪುಸ್ತಕದಲ್ಲಿ ಒಂದು ಒತ್ತಕ್ಷರವೂ ತಪ್ಪಿರುವುದಿಲ್ಲ. ಆದರೆ ಬಾಯಿ ತೆರೆದರೆ ಮತ್ತೆ ಅದೇ ‘ಕರ್ಮಣ್ಯೇ’. ಬರೆಯುವಾಗ ಕಣ್ಣು ಅಕ್ಷರವನ್ನು ನೋಡುತ್ತದೆ, ಪದವನ್ನಲ್ಲ.

ಶ್ಲೋಕ ಪೂರ್ತಿ ಹೀಗಿದೆ:

ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ |
ಮಾ ಕರ್ಮಫಲಹೇತುರ್ಭೂರ್ಮಾ ತೇ ಸಂಗೋಽಸ್ತ್ವಕರ್ಮಣಿ ||

ಬಿಡಿಸಿದರೆ ಹೀಗೆ:

ಕರ್ಮಣಿ ಏವ ಅಧಿಕಾರಃ ತೇ ಮಾ ಫಲೇಷು ಕದಾಚನ |
ಮಾ ಕರ್ಮಫಲಹೇತುಃ ಭೂಃ ಮಾ ತೇ ಸಂಗಃ ಅಸ್ತು ಅಕರ್ಮಣಿ ||

ಸಂಧಿಯ ಹೆಸರುಗಳು ಮಕ್ಕಳಿಗೆ ಹೊಸತಲ್ಲ, ಕನ್ನಡ ವ್ಯಾಕರಣದಲ್ಲೇ ಓದಿರುತ್ತಾರೆ. ಕರ್ಮಣಿ, ಏವ ಸೇರಿದಾಗ ಇಕಾರದ ಜಾಗಕ್ಕೆ ಯಕಾರ ಬರುವುದು ಯಣ್ ಸಂಧಿ. ಏವ, ಅಧಿಕಾರಃ ಸೇರಿ ಆಕಾರವಾಗುವುದು ಸವರ್ಣದೀರ್ಘ. ಹೊಸತೆಂದರೆ ವಿಸರ್ಗದ ವೇಷಗಳು ಮಾತ್ರ. ಒಂದೇ ವಿಸರ್ಗ ತಕಾರದ ಮುಂದೆ ಸಕಾರವಾಗುತ್ತದೆ (ಅಧಿಕಾರಸ್ತೇ), ಉಕಾರದ ನಂತರ ಭಕಾರ ಬಂದರೆ ರೇಫವಾಗುತ್ತದೆ (ಹೇತುರ್ಭೂಃ), ಎರಡು ಹ್ರಸ್ವ ಅಕಾರಗಳ ನಡುವೆ ಸಿಕ್ಕಿಬಿದ್ದರೆ ಓಕಾರವಾಗಿ ಮುಂದಿನ ಅಕಾರವನ್ನು ನುಂಗುತ್ತದೆ (ಸಂಗೋಽಸ್ತು). ವಿಡಿಯೊದಲ್ಲಿ ಇದಕ್ಕೆ ಅರ್ಧ ನಿಮಿಷ ಸಾಕು. ಸಂಧಿಸೂತ್ರ ಹೇಳುತ್ತಾ ಕೂತರೆ ಅದು ವ್ಯಾಕರಣದ ಪಾಠವಾಗುತ್ತದೆ, ಓದಿನ ಪಾಠ ಹಿಂದೆ ಬೀಳುತ್ತದೆ.

ನಿಜವಾದ ತೊಡಕು ಇರುವುದು ಲಿಪಿಯಲ್ಲಿ. ಕನ್ನಡದಲ್ಲಿ ಒತ್ತಕ್ಷರ ಬರೆದಾಗ ಸ್ವರದ ಗುರುತು ಮೇಲಿರುವ ಮೊದಲ ವ್ಯಂಜನಕ್ಕೆ ಹತ್ತುತ್ತದೆ, ಎರಡನೆಯ ವ್ಯಂಜನ ಕೆಳಗೆ ಒತ್ತಾಗಿ ಕೂರುತ್ತದೆ. ‘ಣ್ಯೇ’ ನೋಡಿ. ಏತ್ವ, ದೀರ್ಘ ಎರಡೂ ಣಕಾರದ ಮೇಲಿವೆ. ಆದರೆ ಆ ಏಕಾರ ‘ಏವ’ ಎಂಬ ಪದದ್ದು, ಣಕಾರ ‘ಕರ್ಮಣಿ’ಯದ್ದು. ಅಂದರೆ ಎರಡನೇ ಪದದ ಸ್ವರ ಮೊದಲನೇ ಪದದ ಹೆಗಲೇರಿ ಕೂತಿದೆ. ‘ಕರ್ಮಣ್ಯೇ’ ಎಂದು ಕಣ್ಣು ಅಲ್ಲೇ ನಿಂತರೆ ಆಶ್ಚರ್ಯವೇನಿಲ್ಲ. ಅರ್ಕಾವೊತ್ತಂತೂ ಇನ್ನೂ ತಮಾಷೆ. ‘ಹೇತುರ್ಭೂ’ ಎಂಬಲ್ಲಿ ರೇಫ ‘ಹೇತುಃ’ ಪದದ ವಿಸರ್ಗದಿಂದ ಬಂದದ್ದು, ಕಾಗದದ ಮೇಲೆ ಮಾತ್ರ ಅದು ಭಕಾರವನ್ನು ದಾಟಿ ಆಚೆ ಹೋಗಿ ನಿಂತಿರುತ್ತದೆ.

ಎಲ್ಲಕ್ಕಿಂತ ಅಪಾಯಕಾರಿ ಜಾಗ ಕೊನೆಯ ‘ಸ್ತ್ವಕರ್ಮಣಿ’. ಅಸ್ತು, ಅಕರ್ಮಣಿ ಸೇರಿದಾಗ ಉಕಾರ ವಕಾರವಾಗಿ ‘ಅಸ್ತ್ವಕರ್ಮಣಿ’ ಆಗಿದೆ. ಬಿಡಿಸಿ ತೋರಿಸಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಹಿಡಿದುಕೊಂಡು ಬಂದು, “ಇದರಲ್ಲಿ ಅ ಎಲ್ಲಿ ಉಂಟು ಸರ್?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಆ ಅಕಾರಕ್ಕೆ ಪುಟದ ಮೇಲೆ ಇರುವ ಒಂದೇ ಸಾಕ್ಷಿ ಸಕಾರದ ತಲೆಯ ಮೇಲಿನ ತಲಕಟ್ಟು. ಅದನ್ನು ಕಾಣದೆ ‘ಸಂಗೋಸ್ತು ಕರ್ಮಣಿ’ ಎಂದು ಓದಿದರೆ ಅರ್ಥ ತಲೆಕೆಳಗಾಗುತ್ತದೆ. ‘ಕರ್ಮ ಮಾಡದೆ ಇರುವುದರಲ್ಲಿ ನಿನಗೆ ಆಸಕ್ತಿ ಬೇಡ’ ಎಂದು ಕೃಷ್ಣ ಹೇಳಿದರೆ, ಇವರು ‘ಕರ್ಮದಲ್ಲಿ ಆಸಕ್ತಿ ಬೇಡ’ ಎಂದು ಹೇಳಿಸುತ್ತಾರೆ. ಅಡಗಿದ ಒಂದು ಅಕಾರ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದು ರಥಬೀದಿಯ ಸುತ್ತ ಬೆಳೆದವರಿಗೆ ಗೊತ್ತಿರುವ ವಿಷಯವೇ. ಛಾಂದೋಗ್ಯ ಉಪನಿಷತ್ತಿನ ‘ಸ ಆತ್ಮಾ ತತ್ತ್ವಮಸಿ’ ಎಂಬಲ್ಲಿ, ‘ಅದೇ ನೀನು’ ಎಂಬುದು ‘ಅದು ನೀನಲ್ಲ’ ಎಂದಾಗುವಂತೆ, ‘ಅತತ್ ತ್ವಮಸಿ’ ಎಂದು ಆಚಾರ್ಯ ಮಧ್ವರು ಬಿಡಿಸಿದ್ದು ಸವರ್ಣದೀರ್ಘದೊಳಗೆ ಅಡಗಿದ ಇಂಥದೇ ಒಂದು ಅಕಾರದಿಂದ.

ವಿಡಿಯೊ ಮಾಡುವವರು ಸಾಮಾನ್ಯವಾಗಿ ಇಲ್ಲಿ ಬಣ್ಣದ ಮೊರೆ ಹೋಗುತ್ತಾರೆ: ಒಂದು ಪದ ಕೆಂಪು, ಮುಂದಿನದು ನೀಲಿ. ಕನ್ನಡ ಲಿಪಿಯಲ್ಲಿ ಅದು ನಡೆಯುವುದಿಲ್ಲ. ‘ಸ್ತೇ’ ಅಕ್ಷರದಲ್ಲಿ ಸಕಾರ ಒಂದು ಪದದ್ದು, ಒತ್ತು ಇನ್ನೊಂದರದ್ದು. ಅರ್ಧ ಅಕ್ಷರಕ್ಕೆ ಬಣ್ಣ ಹಾಕಹೋದರೆ ಒತ್ತು ಕಳಚಿ ‘ಸ್‌ತೇ’ ಎಂದು ಒಡೆದು ಕಾಣಿಸುತ್ತದೆ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಂತೂ ಬಣ್ಣ ಹಾಕದಿದ್ದರೂ ಒತ್ತುಗಳು ಚದುರುತ್ತವೆ. ಹಾಗಾಗಿ ಶ್ಲೋಕವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಸ್ಲೈಡನ್ನು ಚಿತ್ರವಾಗಿ ಉಳಿಸಿ, ಆಮೇಲೆ ವಿಡಿಯೊಗೆ ಸೇರಿಸುವುದು ನನ್ನ ಪದ್ಧತಿ. ಬಣ್ಣದ ಬದಲು ಅಕ್ಷರಗಳ ಕೆಳಗೆ ಕಮಾನು ಎಳೆಯುತ್ತೇನೆ, ಪದಕ್ಕೊಂದು ಕಮಾನು. ಸಂಧಿಯಾದ ಅಕ್ಷರದ ಕೆಳಗೆ ಎರಡು ಕಮಾನುಗಳ ತುದಿಗಳು ಒಂದರ ಮೇಲೊಂದು ಬರುತ್ತವೆ. ಈ ಅಕ್ಷರ ಇಬ್ಬರಿಗೂ ಸೇರಿದ್ದು ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕರ್ಮಫಲಹೇತುಃ ಸಮಾಸವಾದ್ದರಿಂದ ಅದಕ್ಕೆ ಒಂದೇ ಕಮಾನು. ಅದನ್ನು ಮೂರು ಪದ ಮಾಡಿ ತೋರಿಸಿದರೆ ಮಕ್ಕಳು ‘ಕರ್ಮ... ಫಲ...’ ಎಂದು ನಿಂತು ನಿಂತು ಓದಲು ತೊಡಗುತ್ತಾರೆ.

ಇಲ್ಲಿಯವರೆಗೆ ಸರಿ. ಆದರೆ ಬಿಡಿಸಿದ ಸಾಲನ್ನು ಪರದೆಯ ಮೇಲೆ ಬಿಟ್ಟು ‘ಈಗ ಓದಿ’ ಎಂದರೆ ಇನ್ನೊಂದು ತೊಂದರೆ ಶುರು. ಅನುಷ್ಟುಪ್ ಛಂದಸ್ಸಿನಲ್ಲಿ ಪಾದಕ್ಕೆ ಎಂಟು ಅಕ್ಷರ. ಬೆರಳು ಮಡಚಿ ಎಣಿಸಿ: ಕ, ರ್ಮ, ಣ್ಯೇ, ವಾ, ಧಿ, ಕಾ, ರ, ಸ್ತೇ. ಎಂಟು. ಬಿಡಿಸಿದ ರೂಪ ಎಣಿಸಿದರೆ ಕ, ರ್ಮ, ಣಿ, ಏ, ವ, ಅ, ಧಿ, ಕಾ, ರಃ, ತೇ, ಒಟ್ಟು ಹತ್ತು. ಕೊನೆಯ ಪಾದವೂ ಬಿಡಿಸಿದರೆ ಹತ್ತಕ್ಕೆ ಏರುತ್ತದೆ. ಬಿಡಿಸಿದ್ದನ್ನೇ ರಾಗವಾಗಿ ಓದಹೋದ ಮಕ್ಕಳು ಎರಡು ಅಕ್ಷರ ಹೆಚ್ಚಾಗಿ ಎಡವುತ್ತಾರೆ. ಬಿಡಿಸಿದ ಪದಚ್ಛೇದ ಕಣ್ಣಿಗೆ, ಬೆಸೆದ ಸಂಹಿತೆ ಬಾಯಿಗೆ ಎಂದು ನಾನು ತರಗತಿಯಲ್ಲಿ ಹೇಳುವುದು ಇದಕ್ಕೇ. ಬಿಡಿಸಿದ ಸಾಲು ಪರದೆಯ ಮೇಲೆ ಅರ್ಥ ಹೇಳುವಷ್ಟು ಹೊತ್ತು ಮಾತ್ರ ಇರಬೇಕು. ಓದಿಸುವ ಹೊತ್ತಿಗೆ ಕಮಾನುಗಳಿರುವ ಮೂಲ ಸಾಲು ವಾಪಸು ಬಂದಿರಬೇಕು.

ಹಾಗಾದರೆ ಉಸಿರು ಎಲ್ಲಿ? ಮೊದಲ ಪಾದದ ನಾಲ್ಕು ಪದಗಳೂ ಒಂದಕ್ಕೊಂದು ಬೆಸೆದಿರುವುದರಿಂದ ನಡುವೆ ನಿಲ್ಲಲು ಜಾಗವೇ ಇಲ್ಲ. ಎಂಟೂ ಅಕ್ಷರ ಒಂದೇ ಉಸಿರಿನಲ್ಲಿ ಬರಬೇಕು. ಎರಡನೇ ಪಾದದಲ್ಲಿ ಸಂಧಿಯೇ ಇಲ್ಲ, ಅಲ್ಲಿ ಯಾರೂ ತಪ್ಪುವುದಿಲ್ಲ. ಮೂರನೆಯ, ನಾಲ್ಕನೆಯ ಪಾದಗಳ ನಡುವೆ ಒಂದು ಗಂಟಿದೆ: ‘ಭೂರ್ಮಾ’. ಪಾದ ಮುಗಿಯುವುದು ‘ಭೂ’ಗೆ, ರೇಫ ಹೋಗಿ ಮುಂದಿನ ‘ಮಾ’ಗೆ ಅಂಟಿಕೊಂಡಿದೆ. ಒಂದೇ ಉಸಿರಿನಲ್ಲಿ ಹದಿನಾರು ಅಕ್ಷರ ಓದಬಲ್ಲವರು ಬರೆದಂತೆಯೇ ಓದಲಿ. ಪಾದಕ್ಕೆ ನಿಲ್ಲುವವರು ಸಂಧಿಯನ್ನು ಬಿಡಬೇಕು: ‘ಹೇತುರ್ಭೂಃ’ ಎಂದು ವಿಸರ್ಗದಲ್ಲಿ ನಿಂತು, ಆಮೇಲೆ ‘ಮಾ ತೇ’ ಎಂದು ಹೊಸದಾಗಿ ಎತ್ತಿಕೊಳ್ಳಬೇಕು. ‘ಭೂರ್’ ಎಂದು ರೇಫದಲ್ಲಿ ನಿಲ್ಲುವುದು ಎರಡೂ ಕಡೆ ಸಲ್ಲದ ಓದು, ಸ್ಪರ್ಧೆಗಳಲ್ಲಿ ನಾನು ಹೆಚ್ಚಾಗಿ ಕೇಳುವುದು ಅದನ್ನೇ. (‘ಭೂಃ ಅಂದರೆ ಭೂಮಿ ಅಲ್ವಾ ಸರ್’ ಎಂಬ ಪ್ರಶ್ನೆಯೂ ಇಲ್ಲಿ ಬಂದೇ ಬರುತ್ತದೆ. ಅಲ್ಲ, ‘ಮಾ ಭೂಃ’ ಎಂದರೆ ‘ನೀನು ಆಗಬೇಡ’.)

ಉದ್ದದ ಬೆಸುಗೆಯನ್ನು ಬಾಯಿಗೆ ಕೂರಿಸಲು ಹಿಂದಿನಿಂದ ಕಟ್ಟುವುದು ಸುಲಭ. ನಾನು ‘ತೇ’ ಎನ್ನುತ್ತೇನೆ, ಅವರೂ ‘ತೇ’ ಎನ್ನುತ್ತಾರೆ. ಆಮೇಲೆ ‘ಅಧಿಕಾರಸ್ತೇ’. ಆಮೇಲೆ ‘ಏವಾಧಿಕಾರಸ್ತೇ’. ಕೊನೆಗೆ ‘ಕರ್ಮಣ್ಯೇವಾಧಿಕಾರಸ್ತೇ’. ಪ್ರತಿ ಹಂತದಲ್ಲೂ ಬಾಯಲ್ಲಿರುವುದು ಸರಿಯಾದ ಸಂಸ್ಕೃತವೇ. ‘ವಾಧಿಕಾರ’ ಹುಟ್ಟಲು ಎಲ್ಲಿಯೂ ಎಡೆಯಿಲ್ಲ. ಮುಂದಿನಿಂದ ಕಟ್ಟಿದರೆ ‘ಕರ್ಮಣಿ’ ಎಂದದ್ದನ್ನು ಮುಂದಿನ ಹಂತದಲ್ಲಿ ‘ಕರ್ಮಣ್ಯೇ’ ಎಂದು ತಿರುಚಬೇಕಾಗುತ್ತದೆ, ಹಳೆಯ ತಪ್ಪು ಅಲ್ಲೇ ಕಾದಿರುತ್ತದೆ. ‘ಸಂಗೋಽಸ್ತ್ವಕರ್ಮಣಿ’ಗೂ ಇದೇ ಕ್ರಮ: ಅಕರ್ಮಣಿ, ಅಸ್ತ್ವಕರ್ಮಣಿ, ಸಂಗೋಽಸ್ತ್ವಕರ್ಮಣಿ. ‘ಽ’ ಎಂಬ ಅವಗ್ರಹ ಚಿಹ್ನೆ ಕಂಡ ಕೂಡಲೇ ‘ಗೋಓ’ ಎಂದು ಎಳೆಯುವ ಮಕ್ಕಳಿದ್ದಾರೆ. ಅದು ಒಂದು ಅಕಾರ ಇಲ್ಲಿ ಲೋಪವಾಗಿದೆ ಎಂಬ ಗುರುತು ಅಷ್ಟೇ, ಅದಕ್ಕೆ ಉಚ್ಚಾರವಿಲ್ಲ. ಪ್ರತಿ ತುಂಡಿನ ನಂತರ ವಿಡಿಯೊದಲ್ಲಿ ನಾನು ಓದಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಮೌನ ಬಿಡುತ್ತೇನೆ. ಸರಿಯಾಗಿ ಅಷ್ಟೇ ಬಿಟ್ಟರೆ ಮಕ್ಕಳು ನನ್ನ ದನಿಯೊಂದಿಗೆ ಓಡುತ್ತಾರೆ, ತಮ್ಮ ತಪ್ಪು ತಮಗೆ ಕೇಳಿಸುವುದಿಲ್ಲ.

ಕಲಿತರೋ ಇಲ್ಲವೋ ನೋಡಲು ವಾಟ್ಸ್ಆ್ಯಪ್‌ನಲ್ಲಿ ದನಿ ಕಳಿಸಲು ಹೇಳುತ್ತೇನೆ. ಬೆರಳೆಣಿಕೆ ಇಲ್ಲಿ ಪೂರ್ತಿ ನೆರವಿಗೆ ಬಾರದು. ಬಿಡಿಸಿ ಓದಿದವರು ಹತ್ತಕ್ಕೆ ಹೋಗಿ ಸಿಕ್ಕಿಬೀಳುತ್ತಾರೆ, ನಿಜ. ಆದರೆ ‘ಸಂಗೋಸ್ತು ಕರ್ಮಣಿ’ ಎಂದು ಅಕಾರ ನುಂಗಿದವರ ಲೆಕ್ಕ ಎಂಟಕ್ಕೆ ಸರಿಯಾಗಿಯೇ ನಿಲ್ಲುತ್ತದೆ, ಲಯವೂ ಕೆಡುವುದಿಲ್ಲ. ಅವರನ್ನು ಹಿಡಿಯಲು ದನಿಯ ಕೊನೆಗೆ ಒಂದು ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳಿಸುತ್ತೇನೆ: ಯಾವುದರಲ್ಲಿ ಸಂಗ ಬೇಡ? ‘ಕರ್ಮದಲ್ಲಿ’ ಎಂಬ ಉತ್ತರ ಬಂದರೆ ಓದು ಎಷ್ಟೇ ಇಂಪಾಗಿದ್ದರೂ ಆ ಮಗು ಮತ್ತೆ ‘ಅಕರ್ಮಣಿ’ಯಿಂದ ಶುರುಮಾಡಬೇಕು.