ಸಲ್ಫೇಟೂ ಇದೆ, ಕ್ಲೋರೈಡೂ ಇದೆ: ಪೈಲ್‌ಗೆ ಎಸ್‌ಆರ್‌ಸಿ ಸಿಮೆಂಟ್ ಹಾಕಬಹುದೇ?

ಓದುಗರ ಪ್ರಶ್ನೆ: ಸಿಂಧನೂರು ಕಡೆ ನೀರಾವರಿ ಪ್ರದೇಶದ ಸವಳು ಎರೆಭೂಮಿಯಲ್ಲಿ ಗೋದಾಮು ಕಟ್ಟುತ್ತಿದ್ದೇವೆ. 450 ಮಿ.ಮೀ. ವ್ಯಾಸದ, 12 ಮೀಟರ್ ಆಳದ ಬೋರ್ಡ್ ಪೈಲ್‌ಗಳು. ಅಂತರ್ಜಲದ ವರದಿಯಲ್ಲಿ ಸಲ್ಫೇಟ್ (SO4) ಲೀಟರಿಗೆ 2800 ಮಿ.ಗ್ರಾಂ, ಕ್ಲೋರೈಡ್ 3500 ಮಿ.ಗ್ರಾಂ ಇದೆ. ಸಲ್ಫೇಟ್ ತಡೆಯುವ ಎಸ್‌ಆರ್‌ಸಿ ಸಿಮೆಂಟ್ ಹಾಕಿದರೆ ಸಾಕು ಎನ್ನುತ್ತಾರೆ ಗುತ್ತಿಗೆದಾರರು. ಸರಿಯೇ?

ಉತ್ತರ: ಸಲ್ಫೇಟ್ ಮಾತ್ರ ಇದ್ದಿದ್ದರೆ ಸರಿ. ನಿಮ್ಮ ನೀರಿನಲ್ಲಿ ಕ್ಲೋರೈಡೂ ಹೇರಳವಾಗಿರುವುದರಿಂದ ಅದು ತಪ್ಪು ಆಯ್ಕೆ. ಹೀಗೆ ಎರಡೂ ಒಟ್ಟಿಗೆ ಸಿಕ್ಕಿದಾಗ ಎಸ್‌ಆರ್‌ಸಿ ಬದಲು C3A ಅಂಶ ಶೇ. 5ರಿಂದ 8ರಷ್ಟಿರುವ ಸಾಮಾನ್ಯ ಸಿಮೆಂಟ್ (ಒಪಿಸಿ), ಇಲ್ಲವೇ ಶೇ. 50ಕ್ಕಿಂತ ಹೆಚ್ಚು ಸ್ಲ್ಯಾಗ್ ಇರುವ ಸಿಮೆಂಟ್ ಬಳಸಿ ಎಂದು ಐಎಸ್ 456 ಸಂಹಿತೆಯೇ ಹೇಳುತ್ತದೆ. ಆದರೆ ಆ ಮಾತು ಸಲ್ಫೇಟ್ ಕೋಷ್ಟಕದಲ್ಲಿಲ್ಲ, ಬೇರೆ ಉಪಖಂಡದಲ್ಲಿದೆ. ಹೆಚ್ಚಿನವರು ಕೋಷ್ಟಕ ನೋಡಿ ಅಲ್ಲಿಗೇ ನಿಲ್ಲಿಸುತ್ತಾರೆ.

ಕಾರಣವೆಲ್ಲ C3A ಎಂಬ ಒಂದೇ ಘಟಕದ ಸುತ್ತ ಇದೆ. ಹೊರಗಿನಿಂದ ಒಳಬರುವ ಸಲ್ಫೇಟ್, C3Aಯಿಂದ ಹುಟ್ಟಿದ ಸಂಯುಕ್ತಗಳ ಜೊತೆ ಸೇರಿ ಎಟ್ರಿಂಗೈಟ್ ಎಂಬ ಹರಳಾಗುತ್ತದೆ. ಗಟ್ಟಿಯಾದ ಕಾಂಕ್ರೀಟಿನೊಳಗೆ ಈ ಹರಳು ಬೆಳೆದಾಗ ಜಾಗ ಸಾಲದೆ ಕಾಂಕ್ರೀಟ್ ಉಬ್ಬಿ ಬಿರಿಯುತ್ತದೆ. ಅದಕ್ಕಾಗಿಯೇ ಎಸ್‌ಆರ್‌ಸಿಯಲ್ಲಿ C3Aಯನ್ನು ಶೇ. 5ರೊಳಗೆ ಇಟ್ಟಿರುತ್ತಾರೆ. ಕ್ಲೋರೈಡಿನ ದಾರಿ ಬೇರೆ. ಅದು ಕಾಂಕ್ರೀಟನ್ನು ಅಷ್ಟಾಗಿ ಕೆಡಿಸುವುದಿಲ್ಲ. ನೇರ ಕಂಬಿಯವರೆಗೆ ಇಳಿದು, ಕಂಬಿಯ ಮೇಲಿರುವ ತೆಳುವಾದ ರಕ್ಷಣಾ ಪದರವನ್ನು ಮುರಿಯುತ್ತದೆ, ತುಕ್ಕು ಶುರುವಾಗುತ್ತದೆ. ಹೀಗೆ ಬರುವ ಕ್ಲೋರೈಡಿನಲ್ಲಿ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುವುದೂ ಇದೇ C3A. ಅದನ್ನು ಕಡಿಮೆ ಮಾಡಿದರೆ ಸಲ್ಫೇಟಿನಿಂದ ಕಾಂಕ್ರೀಟ್ ಉಳಿಯುತ್ತದೆ, ಕಂಬಿ ಮಾತ್ರ ಬೇಗ ತುಕ್ಕಿಗೆ ಸಿಗುತ್ತದೆ.

ಸ್ಲ್ಯಾಗ್ ಈ ಇಕ್ಕಟ್ಟಿನಿಂದ ಪಾರು ಮಾಡುತ್ತದೆ. ಅರ್ಧಕ್ಕಿಂತ ಹೆಚ್ಚು ಸ್ಲ್ಯಾಗ್ ಸೇರಿಸಿದರೆ ಒಟ್ಟು C3A ತಾನಾಗಿಯೇ ಇಳಿಯುತ್ತದೆ. ಜೊತೆಗೆ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳು ಕಿರಿದಾಗಿ ಎರಡೂ ಲವಣಗಳು ಒಳನುಗ್ಗುವ ವೇಗ ತಗ್ಗುತ್ತದೆ. ಸ್ಲ್ಯಾಗ್ ಕ್ಲೋರೈಡನ್ನು ಚೆನ್ನಾಗಿ ಹಿಡಿದಿಡುತ್ತದೆ ಕೂಡ.

ಇನ್ನು ನಿಮ್ಮ ವರದಿಗೆ ಬರೋಣ. ಕೋಷ್ಟಕದ ಅಂಕಿಗಳು SO3 ಲೆಕ್ಕದಲ್ಲಿವೆ, ನಿಮ್ಮ ಪ್ರಯೋಗಾಲಯ SO4 ಕೊಟ್ಟಿದೆ. 2800ನ್ನು 0.83ರಿಂದ ಗುಣಿಸಿದರೆ ಲೀಟರಿಗೆ ಸುಮಾರು 2.3 ಗ್ರಾಂ SO3. ಇದು 1.2ರಿಂದ 2.5 ಗ್ರಾಂ ವ್ಯಾಪ್ತಿಯ 3ನೇ ವರ್ಗ. ಪರಿವರ್ತಿಸದೆ ನೋಡಿದ್ದರೆ 4ನೇ ವರ್ಗ ಎಂದು ತಪ್ಪು ತಿಳಿಯುತ್ತಿದ್ದಿರಿ. ಇನ್ನೊಂದು ವಿಷಯವನ್ನೂ ಈ ಅಂಕಿ ಹೇಳುತ್ತದೆ. ಜಿಪ್ಸಮ್ ಒಂದೇ ನೀರಿನಲ್ಲಿ ಕರಗಿದರೆ SO3 ಸುಮಾರು 1.2 ಗ್ರಾಂ ಮೀರುವುದಿಲ್ಲ. ಅದನ್ನು ಇಷ್ಟು ದಾಟಿದೆ ಎಂದರೆ ಸೋಡಿಯಂ ಅಥವಾ ಮೆಗ್ನೀಸಿಯಂ ಸಲ್ಫೇಟ್ ಇದೆ ಎಂದರ್ಥ. ಆದ್ದರಿಂದ ಮೆಗ್ನೀಸಿಯಂ ಪರೀಕ್ಷೆಯನ್ನೂ ಮಾಡಿಸಿ. ಮೆಗ್ನೀಸಿಯಂ ಸಲ್ಫೇಟ್ ಕಾಂಕ್ರೀಟನ್ನು ಉಬ್ಬಿಸುವುದಷ್ಟೇ ಅಲ್ಲ, ಸಿಮೆಂಟಿನ ಅಂಟನ್ನೇ ಕರಗಿಸಿ ಮೇಲ್ಮೈಯನ್ನು ಮೆತ್ತಗೆ ಮಾಡುತ್ತದೆ. ಅಲ್ಲಿ ಸ್ಲ್ಯಾಗಿನ ಲಾಭವೂ ಕಡಿಮೆ. ಮೆಗ್ನೀಸಿಯಂ ಲೀಟರಿಗೆ 1 ಗ್ರಾಂ ಆಸುಪಾಸಿನಲ್ಲಿದ್ದರೆ ಕೆಳಗಿನ ಮಿಶ್ರಣವನ್ನು ಹಾಗೆಯೇ ಒಪ್ಪಬೇಡಿ, ತಜ್ಞರಿಗೆ ವರದಿ ತೋರಿಸಿ. ಮಾದರಿ ತೆಗೆದ ಸಮಯವೂ ಮುಖ್ಯ. ಮಳೆಗಾಲದಲ್ಲಿ ಅಥವಾ ಕಾಲುವೆಗೆ ನೀರು ಬಿಟ್ಟಾಗ ತೆಗೆದ ನೀರು ಲವಣವನ್ನು ಕಡಿಮೆ ತೋರಿಸಬಹುದು. ಬೋರ್ ಕೊರೆಯಲು ಟ್ಯಾಂಕರ್ ನೀರು ಬಿಟ್ಟ ಮೇಲೆ ಅದೇ ಗುಂಡಿಯಿಂದ ತೆಗೆದದ್ದಂತೂ ಲೆಕ್ಕಕ್ಕಿಲ್ಲ.

ಕಾಂಕ್ರೀಟ್ ಎಂ35 ದರ್ಜೆಗಿಂತ ಕಡಿಮೆ ಬೇಡ. ಒಂದು ಘನ ಮೀಟರಿಗೆ ಒಪಿಸಿ 190 ಕೆ.ಜಿ., ಜಿಜಿಬಿಎಸ್ (ಸ್ಲ್ಯಾಗ್ ಪುಡಿ) 230 ಕೆ.ಜಿ., ನೀರು 176 ಲೀಟರಿನಿಂದ ಪ್ರಯೋಗ ಮಿಶ್ರಣ ಶುರುಮಾಡಿ. ಸ್ಲ್ಯಾಗ್ ಶೇ. 55ರ ಹತ್ತಿರವಾಗುತ್ತದೆ, ನೀರು-ಸಿಮೆಂಟ್ ಅನುಪಾತ 0.42. ನೀರೊಳಗೆ ಟ್ರೆಮಿ ಪೈಪಿನಿಂದ ಇಳಿಸಬೇಕಾದ್ದರಿಂದ ಸ್ಲಂಪ್ 150–180 ಮಿ.ಮೀ. ಬೇಕು. ಅದನ್ನು ಸೂಪರ್‌ಪ್ಲಾಸ್ಟಿಸೈಸರ್‌ನಿಂದ ತನ್ನಿ, ಸೈಟಿನಲ್ಲಿ ನೀರು ಸುರಿದು ಅಲ್ಲ. ಒಪಿಸಿಯ C3A ಎಷ್ಟೆಂದು ಕಂಪನಿಯ ಪರೀಕ್ಷಾ ಪ್ರಮಾಣಪತ್ರ ನೋಡಿ ತಿಳಿದುಕೊಳ್ಳಿ, ಚೀಲದ ಮೇಲೆ ಬರೆದಿರುವುದಿಲ್ಲ.

ಸೈಟಿನ ಬೋರ್‌ವೆಲ್ ನೀರನ್ನು ಮಾತ್ರ ಕಲಸಲು ಬಳಸಲೇಬೇಡಿ. ಅದರಲ್ಲೂ ಇದೇ 3500 ಮಿ.ಗ್ರಾಂ ಕ್ಲೋರೈಡ್ ಇದ್ದರೆ 176 ಲೀಟರಿನಿಂದ 0.616 ಕೆ.ಜಿ. ಒಳಸೇರುತ್ತದೆ. ಕಂಬಿ ಇರುವ ಕಾಂಕ್ರೀಟಿನ ಒಂದು ಘನ ಮೀಟರಿಗೆ ಎಲ್ಲ ಮೂಲಗಳಿಂದ ಸೇರಿ ಇರಬಹುದಾದ ಮಿತಿಯೇ 0.6 ಕೆ.ಜಿ. ಮರಳು, ಜಲ್ಲಿ, ಅಡ್ಮಿಕ್ಸ್‌ಚರ್ ಲೆಕ್ಕಕ್ಕೆ ಬರುವ ಮೊದಲೇ ಮಿತಿ ದಾಟಿತು.

ಬೋರ್ಡ್ ಪೈಲಿನ ಮೈಗೆ ಲೇಪನ ಬಳಿಯಲು ಆಗುವುದಿಲ್ಲ. ಹಾಗಾಗಿ ಕಂಬಿಗೆ ಕಾವಲು ಕವರ್ ಒಂದೇ. 75 ಮಿ.ಮೀ. ಇಡಿ. ಕೇಜು ಒಂದು ಬದಿಗೆ ವಾಲಿದರೆ ಆ ಬದಿಯ ಕವರ್ 30–40ಕ್ಕೆ ಇಳಿದಿರುತ್ತದೆ, ಹೊರಗಿನಿಂದ ಯಾರಿಗೂ ಕಾಣದು. ಸುಮಾರು 2 ಮೀಟರಿಗೊಮ್ಮೆ ನಾಲ್ಕೂ ಕಡೆ ಅದೇ ದರ್ಜೆಯ ಕಾಂಕ್ರೀಟಿನ ಉರುಳೆ ಸ್ಪೇಸರ್ ಕಟ್ಟಿಸಿ. ಸುರಿಯುವಾಗ ಟ್ರೆಮಿಯ ತುದಿ ಸದಾ ಕಾಂಕ್ರೀಟಿನೊಳಗೆ ಹುದುಗಿರಲಿ. ನಿಮ್ಮ ಪೈಲಿನ ಲೆಕ್ಕದ ಗಾತ್ರ 1.91 ಘನ ಮೀಟರ್. ಅದಕ್ಕಿಂತ ಕಡಿಮೆ ಕಾಂಕ್ರೀಟ್ ಹಿಡಿದರೆ ಗುಂಡಿಯ ಗೋಡೆ ಎಲ್ಲೋ ಕುಸಿದಿದೆ, ಅಲ್ಲಿ ಕವರಿನ ಬದಲು ಮಣ್ಣಿದೆ ಎಂದು ತಿಳಿಯಿರಿ. ಟ್ರೆಮಿಯಲ್ಲಿ ಸುರಿದಾಗ ಮೇಲೆ ಬರುವ ಕೆಸರು ಬೆರೆತ ಪದರ ಲವಣಕ್ಕೆ ತೆರೆದ ಬಾಗಿಲಿದ್ದಂತೆ. ಕಟ್-ಆಫ್ ಮಟ್ಟಕ್ಕಿಂತ ಸುಮಾರು ಒಂದು ಮೀಟರ್ ಮೇಲಕ್ಕೆ ತುಂಬಿಸಿ, ಆಮೇಲೆ ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಒಡೆದು ತೆಗೆಯಿರಿ.

ಹೆಚ್ಚಿನವರು 12 ಮೀಟರ್ ಆಳದ ಬಗ್ಗೆ ಚಿಂತಿಸುತ್ತಾರೆ. ನಿಜವಾದ ತೊಂದರೆ ಮೇಲಿನ ಎರಡು-ಮೂರು ಮೀಟರಿನಲ್ಲಿದೆ. ಸದಾ ನೀರಿನಲ್ಲಿ ಮುಳುಗಿದ ಭಾಗಕ್ಕೆ ಆಮ್ಲಜನಕ ತೀರಾ ಕಡಿಮೆ ಸಿಗುವುದರಿಂದ ಕ್ಲೋರೈಡ್ ತಲುಪಿದರೂ ತುಕ್ಕು ಬಹಳ ನಿಧಾನ. ನೀರಿನ ಮಟ್ಟ ಏರಿಳಿಯುವ ಕಡೆ, ಪೈಲ್ ತಲೆ, ಕ್ಯಾಪ್, ನೆಲದಿಂದ ಮೇಲೇಳುವ ಕಾಲಮ್ಮಿನ ಬುಡ, ಇಲ್ಲೆಲ್ಲ ನೀರು ಮತ್ತು ಗಾಳಿ ಎರಡೂ ಸಿಗುತ್ತವೆ. ಕಾಲಮ್ ಬುಡ ಕೆಳಗಿನ ಉಪ್ಪುನೀರನ್ನು ಹೀರಿ ಮೇಲೆಳೆಯುತ್ತದೆ, ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿದು ವರ್ಷದಿಂದ ವರ್ಷಕ್ಕೆ ದಟ್ಟವಾಗುತ್ತದೆ.

ಅದೃಷ್ಟಕ್ಕೆ ಲೇಪನ ಬಳಿಯಲು ಆಗುವುದೂ ಇಲ್ಲಿಯೇ. ಕ್ಯಾಪ್ ಕೆಳಗೆ 100 ಮಿ.ಮೀ. ಪಿಸಿಸಿ ಹಾಕಿ, ಅದಕ್ಕೂ ಇದೇ ಸ್ಲ್ಯಾಗ್ ಮಿಶ್ರಣವಿರಲಿ. ಕ್ಯಾಪ್ ಮತ್ತು ಕಾಲಮ್ಮನ್ನು ಕನಿಷ್ಠ 14 ದಿನ ಸಿಹಿನೀರಿನಲ್ಲಿ ಕ್ಯೂರಿಂಗ್ ಮಾಡಿ. ಸ್ಲ್ಯಾಗ್ ಕಾಂಕ್ರೀಟ್ ನಿಧಾನಕ್ಕೆ ಬಲಿಯುವುದರಿಂದ ಇಲ್ಲಿ ಅವಸರ ಮಾಡಿದರೆ ಹೊರಮೈ ಸಡಿಲವಾಗಿಯೇ ಉಳಿಯುತ್ತದೆ. ಚೆನ್ನಾಗಿ ಒಣಗಿದ ಮೇಲೆ ಕೋಲ್‌ಟಾರ್ ಎಪಾಕ್ಸಿಯನ್ನು ಎರಡು ಕೋಟ್ ಬಳಿಯಿರಿ, ಕಾಲಮ್ಮಿನ ಮೇಲೆ ನೆಲಮಟ್ಟದಿಂದ 300 ಮಿ.ಮೀ. ಎತ್ತರದವರೆಗೂ ತನ್ನಿ. ಮಣ್ಣು ತುಂಬುವಾಗ ಕಲ್ಲು ಬಡಿದು ಲೇಪನ ಕಿತ್ತುಹೋಗದಂತೆ ಮೊದಲು ಜರಡಿ ಹಿಡಿದ, ಉಪ್ಪಿಲ್ಲದ ಮಣ್ಣು ಹಾಕಿಸಿ.

ಮುಂದೆ ಕಟ್ಟಡ ನೋಡುವವರಿಗೆ ಗುರುತು ತಿಳಿದಿರಲಿ. ಮೂಲೆ-ಅಂಚುಗಳು ಬಿಳಿಚಿಕೊಂಡು ಪುಡಿಯಾದರೆ, ಜಾಲದಂತೆ ಬಿರುಕು ಹರಡಿದರೆ ಸಲ್ಫೇಟನ್ನು ಶಂಕಿಸಿ. ಕಂಬಿಯ ಜಾಡಿನಲ್ಲೇ ನೇರ ಬಿರುಕು, ಕಂದು ಕಲೆ ಕಂಡರೆ ಕ್ಲೋರೈಡಿನ ಅನುಮಾನ. ಆಗ ಫಿನಾಲ್ಫ್ತಲೀನ್ ಸಿಂಪಡಿಸಿ ಗುಲಾಬಿ ಬಣ್ಣ ಬಂತೆಂದು ಸಮಾಧಾನಪಡಬೇಡಿ, ಆ ಪರೀಕ್ಷೆ ಕ್ಲೋರೈಡನ್ನು ತೋರಿಸುವುದಿಲ್ಲ. ಬೇರೆ ಬೇರೆ ಆಳದಿಂದ ಡ್ರಿಲ್ ಪುಡಿ ತೆಗೆದು ಕ್ಲೋರೈಡ್ ಅಳೆಸಬೇಕು.