ಮುಖ್ಯಸ್ಥರು ಕೋಣೆಯಿಂದ ಹೊರಗೆ ಹೋದ ಮೇಲೆ

ಓದುಗರ ಪ್ರಶ್ನೆ: ನಾನು ಶಾಲೆಯ ಗಣಿತ ವಿಭಾಗದ ಮುಖ್ಯಸ್ಥೆಯಾಗಿ ಒಂದು ವರ್ಷವಾಯಿತು. ವಿಭಾಗದಲ್ಲಿ ಆರು ಜನ ಶಿಕ್ಷಕರಿದ್ದಾರೆ. ಮೊದಮೊದಲು ಎಲ್ಲವನ್ನೂ ನಾನೇ ತೀರ್ಮಾನಿಸಿ ಹೇಳುತ್ತಿದ್ದೆ. ಎದುರಿಗೆ ಹೂಂ ಎನ್ನುತ್ತಿದ್ದರು, ತರಗತಿಗೆ ಹೋದ ಮೇಲೆ ಅವರವರ ದಾರಿ ಅವರವರಿಗೆ. ಆಮೇಲೆ ಎಲ್ಲವನ್ನೂ ಎಲ್ಲರ ಹತ್ತಿರ ಕೇಳತೊಡಗಿದೆ. ಈಗ ಮೀಟಿಂಗ್ ಮುಗಿಯುವುದೇ ಇಲ್ಲ, ‘ನೀವೇ ಏನಾದರೂ ಹೇಳಿಬಿಡಿ ಮೇಡಂ’ ಎನ್ನುತ್ತಾರೆ. ನಿರಂಕುಶ, ಪ್ರಜಾಸತ್ತಾತ್ಮಕ, ಲೇಸೇ-ಫೇರ್ ಎಂದು ಮೂರು ಬಗೆಯ ನಾಯಕತ್ವವನ್ನು ಓದಿದ್ದೇನೆ. ನಾನು ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಮೂರರಲ್ಲಿ ಒಂದನ್ನು ಆರಿಸಿಕೊಂಡು ಎಲ್ಲದಕ್ಕೂ ಅದನ್ನೇ ಹಿಡಿಯಬೇಡಿ. ಆಯ್ಕೆ ಮಾಡಬೇಕಾದದ್ದು ಒಂದೊಂದು ನಿರ್ಧಾರಕ್ಕೆ. ಯಾಕೆ ಎನ್ನುವುದಕ್ಕೆ, ಈ ಮೂರು ಹೆಸರುಗಳು ಎಲ್ಲಿಂದ ಬಂದವೋ ಅಲ್ಲಿಂದಲೇ ಹೊರಡೋಣ. ನಿಮ್ಮ ಎರಡೂ ಅನುಭವಗಳು ಅಲ್ಲಿ ಆಗಲೇ ದಾಖಲಾಗಿವೆ.

1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿಗಳಾದ ಕುರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್ ಹತ್ತು ವರ್ಷದ ಹುಡುಗರ ಸಣ್ಣ ಸಣ್ಣ ಹವ್ಯಾಸ ಕ್ಲಬ್‌ಗಳನ್ನು ಕಟ್ಟಿದರು. ಒಂದೊಂದರಲ್ಲಿ ಐದು ಹುಡುಗರು, ಒಬ್ಬ ದೊಡ್ಡವರು ನಾಯಕ. ಮುಖವಾಡ ಮಾಡುವಂಥ ಕೈಕೆಲಸ ಅವರ ಚಟುವಟಿಕೆ. ನಿರಂಕುಶ ನಾಯಕ ಏನು ಮಾಡಬೇಕೆಂದು ಒಂದು ಸಲಕ್ಕೆ ಒಂದೇ ಹೆಜ್ಜೆ ಹೇಳುತ್ತಿದ್ದ, ಮುಂದೇನು ಎಂಬುದು ಹುಡುಗರಿಗೆ ಗೊತ್ತಿರುತ್ತಿರಲಿಲ್ಲ. ಯಾರು ಯಾರ ಜೊತೆ ಕೂರಬೇಕೆಂಬುದೂ ಅವನದೇ ತೀರ್ಮಾನ. ಪ್ರಜಾಸತ್ತಾತ್ಮಕ ನಾಯಕ ಮೊದಲ ದಿನವೇ ಇಡೀ ಕೆಲಸದ ಚಿತ್ರಣ ಕೊಡುತ್ತಿದ್ದ. ತಾಂತ್ರಿಕ ಸಲಹೆ ಬೇಕಾದಾಗ ಎರಡು ಮೂರು ದಾರಿಗಳನ್ನು ಮುಂದಿಟ್ಟು ಆರಿಸಿಕೊಳ್ಳಲು ಬಿಡುತ್ತಿದ್ದ. ಲೇಸೇ-ಫೇರ್ ನಾಯಕ ಸಾಮಾನು ಒದಗಿಸುತ್ತಿದ್ದ, ಕೇಳಿದರೆ ಹೇಳುತ್ತಿದ್ದ, ಉಳಿದಂತೆ ಸುಮ್ಮನಿರುತ್ತಿದ್ದ.

ಇಲ್ಲಿ ಒಂದು ಮಾತನ್ನು ಗಮನಿಸಿ. ಪ್ರಜಾಸತ್ತಾತ್ಮಕ ನಾಯಕ ಕೈಕಟ್ಟಿ ಕೂತವನಲ್ಲ, ಎಲ್ಲದಕ್ಕೂ ಮತ ಹಾಕಿಸಿದವನೂ ಅಲ್ಲ. ಚೌಕಟ್ಟು ಕೊಟ್ಟವನು, ಆಯ್ಕೆಗಳನ್ನು ತಂದವನು ಅವನೇ. ಮೂರನೆಯ ಶೈಲಿ ಹುಟ್ಟಿದ ಕತೆಯೂ ಇದನ್ನೇ ಹೇಳುತ್ತದೆ. ವೈಟ್ ಪ್ರಜಾಸತ್ತಾತ್ಮಕ ನಾಯಕನ ಪಾತ್ರ ವಹಿಸಲು ಹೋಗಿ ಎಲ್ಲವನ್ನೂ ಹುಡುಗರಿಗೇ ಬಿಟ್ಟುಬಿಟ್ಟರು. ನೋಡುತ್ತಿದ್ದ ಲೆವಿನ್‌ಗೆ ಇದು ಬೇರೆಯೇ ಬಗೆ ಎನ್ನಿಸಿತು, ಅದಕ್ಕೊಂದು ಪ್ರತ್ಯೇಕ ಹೆಸರು ಬಂತು. ‘ಎಲ್ಲರನ್ನೂ ಕೇಳುತ್ತೇನೆ, ಆದರೆ ಮೀಟಿಂಗ್ ಮುಗಿಯುವುದಿಲ್ಲ’ ಎಂದು ನೀವು ಬರೆದದ್ದು ಓದಿದಾಗ ನನಗೆ ಇದೇ ನೆನಪಾಯಿತು. ನಿಮ್ಮ ಎರಡನೆಯ ಪ್ರಯತ್ನ ಪ್ರಜಾಸತ್ತಾತ್ಮಕವಾಗಿರಲಿಲ್ಲ, ಆ ಹೆಸರಿನ ಲೇಸೇ-ಫೇರ್ ಆಗಿತ್ತು.

ಈ ಪ್ರಯೋಗದಲ್ಲಿ ಶಾಲೆಯ ವಿಭಾಗಕ್ಕೆ ನೇರವಾಗಿ ತಾಗುವುದು ಒಂದು ಸಣ್ಣ ಭಾಗ. ನಡುನಡುವೆ ನಾಯಕ ಬೇಕೆಂದೇ ಕೋಣೆಯಿಂದ ಹೊರಗೆ ಹೋಗುತ್ತಿದ್ದ. ನಿರಂಕುಶ ಗುಂಪುಗಳಲ್ಲಿ ವಿಧೇಯವಾಗಿದ್ದವು ನಾಯಕ ಎದುರಿಗಿದ್ದಾಗ ಶೇ. 74ರಷ್ಟು ಸಮಯ ಕೆಲಸದಲ್ಲಿ ತೊಡಗಿದ್ದವು. ಅವನು ಹೊರಗೆ ಹೋದದ್ದೇ ಅದು ಶೇ. 29ಕ್ಕೆ ಇಳಿಯಿತು. ಪ್ರಜಾಸತ್ತಾತ್ಮಕ ಗುಂಪುಗಳಲ್ಲಿ ಶೇ. 50 ಇದ್ದದ್ದು 46 ಆಯಿತು, ಅಷ್ಟೇ. ಲೇಸೇ-ಫೇರ್ ಗುಂಪುಗಳು ನಾಯಕ ಇದ್ದಾಗಲೇ ಶೇ. 33ರಲ್ಲಿದ್ದವು. ಎದುರಿಗಿದ್ದಾಗಿನ ಕೆಲಸವನ್ನಷ್ಟೇ ಎಣಿಸಿದರೆ ಗೆದ್ದದ್ದು ನಿರಂಕುಶ ನಾಯಕತ್ವವೇ. ಇದನ್ನು ಮುಚ್ಚಿಡಬಾರದು.

ಹತ್ತು ವರ್ಷದ ಕೆಲವೇ ಹುಡುಗರ ಆಟದ ಕ್ಲಬ್ಬಿನ ಅಂಕಿಯನ್ನು ಅನುಭವಿ ಶಿಕ್ಷಕರಿಗೆ ಹಾಗೆಹಾಗೇ ಅಂಟಿಸುವುದು ತಪ್ಪು. ನಾನು ತೆಗೆದುಕೊಳ್ಳುವುದು ಆ ಪ್ರಶ್ನೆಯನ್ನು ಮಾತ್ರ: ನಾಯಕ ಹೊರಗೆ ಹೋದ ಮೇಲೆ ಏನಾಗುತ್ತದೆ? ಯಾಕೆಂದರೆ ವಿಭಾಗದ ಮುಖ್ಯಸ್ಥರು ಹೆಚ್ಚುಕಡಿಮೆ ಯಾವಾಗಲೂ ಕೋಣೆಯ ಹೊರಗೇ ಇರುತ್ತಾರೆ. ಆರು ಶಿಕ್ಷಕರು ಆರು ತರಗತಿಗಳಲ್ಲಿ ಬಾಗಿಲು ಮುಚ್ಚಿಕೊಂಡು ಪಾಠ ಮಾಡುವಾಗ ನೀವು ಇನ್ನೊಂದು ತರಗತಿಯಲ್ಲಿ ಪಾಠ ಮಾಡುತ್ತಿರುತ್ತೀರಿ. ನೀವು ಹೇಳಿದ್ದು ನಡೆಯುತ್ತದೋ ಇಲ್ಲವೋ ಎಂಬುದು ನೀವಿಲ್ಲದ ಕಡೆ ತೀರ್ಮಾನವಾಗುತ್ತದೆ. ಎದುರಿಗೆ ಹೂಂ, ತರಗತಿಯಲ್ಲಿ ಬೇರೆ ಎಂದು ನೀವು ಕಂಡದ್ದು ಆ ಇಳಿತವನ್ನೇ.

ಹಾಗೆಂದು ಪ್ರತಿಯೊಂದನ್ನೂ ಚರ್ಚೆಗೆ ತರಬೇಕಾಗಿಲ್ಲ. ಶಾಲಾ ಆಡಳಿತದ ವಿದ್ವಾಂಸ ಎಡ್ವಿನ್ ಬ್ರಿಜಸ್ 1967ರಲ್ಲಿ ಶಾಲಾ ಮುಖ್ಯಸ್ಥರಿಗೆಂದೇ ಎರಡು ಪರೀಕ್ಷೆಗಳನ್ನು ಮುಂದಿಟ್ಟರು. ಈ ನಿರ್ಧಾರದಿಂದ ಶಿಕ್ಷಕರ ದಿನನಿತ್ಯದ ಕೆಲಸಕ್ಕೆ ನಿಜವಾಗಿ ಏನಾದರೂ ಆಗುತ್ತದೆಯೇ? ಇದರ ಬಗ್ಗೆ ಹೇಳುವಷ್ಟು ತಿಳಿವಳಿಕೆ ಅವರಿಗಿದೆಯೇ? ಎರಡಕ್ಕೂ ಇಲ್ಲ ಎಂದಾದರೆ ನೀವೇ ನಿರ್ಧರಿಸಿ ತಿಳಿಸಿ. ದಾಸ್ತಾನು ಪಟ್ಟಿಯನ್ನು ಯಾವ ನಮೂನೆಯಲ್ಲಿ ಕಚೇರಿಗೆ ಕಳಿಸಬೇಕು ಎಂಬುದಕ್ಕೆ ಮೀಟಿಂಗ್ ಕರೆದರೆ ಜನರಿಗೆ ಸುಸ್ತಾಗುತ್ತದೆ, ಆಮೇಲೆ ಮುಖ್ಯವಾದ ಚರ್ಚೆಗೂ ಅವರು ಅದೇ ಮುಖ ಹೊತ್ತು ಬರುತ್ತಾರೆ. ಎರಡಕ್ಕೂ ಹೌದು ಎಂದಾದರೆ ಅವರನ್ನು ಬಿಟ್ಟು ಮಾಡಿದ ತೀರ್ಮಾನ ಕಾಗದದಲ್ಲೇ ಉಳಿಯುತ್ತದೆ.

ಕಷ್ಟವಾಗುವುದು ನಡುವಿನದು. ಮುಂದಿನ ವರ್ಷ ಯಾರಿಗೆ ಯಾವ ತರಗತಿ ಎಂಬ ಹಂಚಿಕೆಯನ್ನೇ ನೋಡಿ. ಎಲ್ಲರ ಹಿತವೂ ಅದರಲ್ಲಿದೆ, ಆದರೆ ಇಡೀ ಶಾಲೆಯ ವೇಳಾಪಟ್ಟಿ ಅವರ ಕಣ್ಣ ಮುಂದಿಲ್ಲ. ಮತಕ್ಕೆ ಹಾಕಿದರೆ ಹಿಂದುಳಿದ ಮಕ್ಕಳ ತರಗತಿ ಪ್ರತಿವರ್ಷ ಹೊಸದಾಗಿ ಸೇರಿದವರ ತಲೆಗೇ ಬೀಳುತ್ತದೆ. ಇಲ್ಲಿ ಒಬ್ಬೊಬ್ಬರ ಮಾತನ್ನೂ ಬೇರೆಯಾಗಿ ಕೇಳಿ, ನಿರ್ಧಾರ ನೀವು ಮಾಡಿ, ಕಾರಣ ಹೇಳಿ. ಕೇಳುವ ಮೊದಲೇ ‘ನಿಮ್ಮ ಅಭಿಪ್ರಾಯ ಬೇಕು, ಕೊನೆಯ ತೀರ್ಮಾನ ನನ್ನದು’ ಎಂದು ತಿಳಿಸಿಬಿಡಿ. ಆಗಲೇ ನಿರ್ಧರಿಸಿಟ್ಟುಕೊಂಡು ‘ನೀವೇನಂತೀರಿ’ ಎಂದು ಕೇಳುವುದು ನೇರ ಆದೇಶಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಒಮ್ಮೆ ನಾನೂ ಹಾಗೆ ಮಾಡಿದ್ದೆ. ಪಠ್ಯಹಂಚಿಕೆಯನ್ನು ಮೊದಲೇ ಕಚೇರಿಗೆ ಕಳಿಸಿ ಆಮೇಲೆ ಸಹೋದ್ಯೋಗಿಗಳ ಸಲಹೆ ಕೇಳಿದೆ. ಅದು ಅವರಿಗೆ ಗೊತ್ತಾದ ಮೇಲೆ ಆ ವರ್ಷವಿಡೀ ಯಾವ ಮೀಟಿಂಗಿನಲ್ಲೂ ಯಾರೂ ಬಾಯಿ ಬಿಡಲಿಲ್ಲ.

ಈಗ ಎರಡೂ ಪರೀಕ್ಷೆಗಳಲ್ಲಿ ಹೌದು ಎಂದು ಬರುವ ಒಂದು ವಿಷಯವನ್ನು ಪೂರ್ತಿ ಮಾಡಿ ನೋಡೋಣ. ಒಂದೇ ಪ್ರಶ್ನೆಪತ್ರಿಕೆಯ ಉತ್ತರಗಳನ್ನು ಆರು ಜನ ತಿದ್ದುತ್ತಾರೆ, ಅಂಕಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ ಎಂದು ಮಕ್ಕಳು ದೂರುತ್ತಾರೆ ಎಂದಿಟ್ಟುಕೊಳ್ಳಿ.

ಐದು ಅಂಕದ ಒಂದು ಸಮೀಕರಣ. ಮಗು ಎರಡನೆಯ ಹಂತದಲ್ಲಿ ಋಣ ಚಿಹ್ನೆ ತಪ್ಪಿಸಿದೆ, ಅಲ್ಲಿಂದ ಮುಂದೆ ಆ ತಪ್ಪು ಸಂಖ್ಯೆಯನ್ನೇ ಹಿಡಿದು ಎಲ್ಲ ಹಂತಗಳನ್ನೂ ಸರಿಯಾಗಿ ಮಾಡಿದೆ. ಕೊನೆಯ ಉತ್ತರ ತಪ್ಪು. ಹೆಸರು ಮುಚ್ಚಿ ಈ ಉತ್ತರದ ಪ್ರತಿಯನ್ನು ಆರೂ ಜನರಿಗೆ ಕೊಡಿ. ಮಾತಾಡುವ ಮೊದಲೇ ಚೀಟಿಯಲ್ಲಿ ಅಂಕ ಬರೆಯಲು ಹೇಳಿ, ನಿಮ್ಮ ಚೀಟಿಯನ್ನು ಕೊನೆಗೆ ತೆರೆಯಿರಿ. ಮುಖ್ಯಸ್ಥರ ಅಂಕ ಮೊದಲೇ ಗೊತ್ತಾದರೆ ಕಿರಿಯರ ಅಂಕವೂ ಅತ್ತಲೇ ವಾಲುತ್ತದೆ. ಅವರ ಚೀಟಿಗಳಲ್ಲಿ 4, 2, 3, 4, 1, 3 ಎಂದು ಬಂತು ಅಂದುಕೊಳ್ಳಿ. ಈ ಆರು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದರೆ ಸಾಕು, ಸಮಸ್ಯೆ ಇದೆಯೋ ಇಲ್ಲವೋ ಎಂಬ ವಾದ ಮುಗಿಯುತ್ತದೆ.

ಒಂದು ಕೊಟ್ಟವರನ್ನೂ ನಾಲ್ಕು ಕೊಟ್ಟವರನ್ನೂ ಕಾರಣ ಕೇಳಿ. ಒಬ್ಬರು ಉತ್ತರ ನೋಡಿದ್ದಾರೆ, ಇನ್ನೊಬ್ಬರು ವಿಧಾನ ನೋಡಿದ್ದಾರೆ. ಆಗ ನೀವು ಆಯ್ಕೆಗಳನ್ನು ಮುಂದಿಡಿ. ಒಂದು, ಒಂದು ತಪ್ಪಿಗೆ ಒಂದೇ ಸಲ ಅಂಕ ಕಳೆಯುವುದು. ಇನ್ನೊಂದು, ಅದರ ಜೊತೆಗೆ ಕೊನೆಯ ಉತ್ತರದ ಅಂಕವನ್ನೂ ಕಳೆಯುವುದು. ಮೊದಲನೆಯದಾದರೆ ಈ ಮಗುವಿಗೆ 4, ಎರಡನೆಯದಾದರೆ 3. ನನ್ನ ಮನಸ್ಸು ಮೊದಲನೆಯದರ ಕಡೆಗಿದೆ, ಯಾಕೆಂದರೆ ನಾವು ಅಳೆಯಬೇಕಾದದ್ದು ಮಗುವಿಗೆ ಸಮೀಕರಣ ಬಿಡಿಸಲು ಬರುತ್ತದೆಯೇ ಎಂಬುದನ್ನು. ಆದರೆ ಆರೂ ಜನ ಒಂದೇ ನಿಯಮ ಹಿಡಿಯುವುದು, ಯಾವ ನಿಯಮ ಎಂಬುದಕ್ಕಿಂತ ದೊಡ್ಡದು.

ಚರ್ಚೆಗೆ ನಲವತ್ತು ನಿಮಿಷ ಎಂದು ಮೊದಲೇ ಹೇಳಿರಿ. ಅಷ್ಟರಲ್ಲಿ ಒಮ್ಮತ ಬರದಿದ್ದರೆ ನಾಳೆ ಬೆಳಿಗ್ಗೆ ನಾನು ಒಂದನ್ನು ಬರೆದು ಕೊಡುತ್ತೇನೆ ಎಂದೂ ಹೇಳಿರಿ. ನಿಮ್ಮ ಈಗಿನ ಮೀಟಿಂಗುಗಳಲ್ಲಿ ಇಲ್ಲದ್ದು ಈ ಒಂದು ಸಾಲು. ಚರ್ಚೆಗೆ ಅಂಚು ಕಟ್ಟುವುದು ನಿರಂಕುಶತೆಯಲ್ಲ, ಅಂಚಿಲ್ಲದ ಚರ್ಚೆಯೇ ಲೇಸೇ-ಫೇರ್‌ಗೆ ಜಾರುತ್ತದೆ. ನಿಯಮ ಒಪ್ಪಿಗೆಯಾದ ಕೂಡಲೇ ಇನ್ನೊಂದು ಮಗುವಿನ ಉತ್ತರವನ್ನು ಅದೇ ರೀತಿ ಚೀಟಿಯಲ್ಲಿ ತಿದ್ದಿಸಿ. ಈ ಸಲ ಅಂಕಗಳ ನಡುವೆ ಒಂದಕ್ಕಿಂತ ಹೆಚ್ಚು ಅಂತರ ಬಂದರೆ ನಿಯಮದ ಮಾತು ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ.

ಇದೇ ಮೌಲ್ಯಮಾಪನದೊಳಗೆ ಉಳಿದ ಎರಡು ಶೈಲಿಗಳಿಗೂ ಜಾಗವಿದೆ. ಅಂಕಪಟ್ಟಿ ಯಾವ ದಿನ ಕಚೇರಿಗೆ ಹೋಗಬೇಕು ಎಂಬುದನ್ನು ಚರ್ಚೆಗೆ ಇಡಬೇಡಿ, ಹೇಳಿಬಿಡಿ. ದಿನಕ್ಕೆ ಎಷ್ಟು ಪತ್ರಿಕೆ, ಮನೆಯಲ್ಲೋ ಸ್ಟಾಫ್ ರೂಮಿನಲ್ಲೋ, ಪ್ರಶ್ನೆವಾರು ತಿದ್ದುವುದೋ ಪತ್ರಿಕೆವಾರು ತಿದ್ದುವುದೋ ಎಂಬುದನ್ನು ಅನುಭವಿಗಳಿಗೆ ಪೂರ್ತಿ ಬಿಡಿ. ಆದರೆ ಇದೇ ವರ್ಷ ಸೇರಿದ ಶಿಕ್ಷಕರನ್ನು ಹಾಗೆ ಬಿಡಬೇಡಿ. ನಾವು ಸ್ವಾತಂತ್ರ್ಯ ಕೊಟ್ಟೆವು ಅಂದುಕೊಂಡಿರುತ್ತೇವೆ, ಅವರಿಗೆ ಅದು ಯಾರೂ ದಿಕ್ಕಿಲ್ಲದಂತೆ ಅನ್ನಿಸುತ್ತದೆ. ಮೊದಲ ಹತ್ತು ಪತ್ರಿಕೆಗಳನ್ನು ಪಕ್ಕದಲ್ಲಿ ಕೂತು ಅವರ ಜೊತೆ ತಿದ್ದಿ.

ಕೆಲಸವಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ತಿದ್ದಿ ಮುಗಿದ ಪತ್ರಿಕೆಗಳಲ್ಲಿ ಒಬ್ಬೊಬ್ಬರಿಂದ ಐದನ್ನು ಇನ್ನೊಬ್ಬರಿಗೆ ಕೊಟ್ಟು, ಅಂಕ ಕಾಣದಂತೆ ಮತ್ತೆ ತಿದ್ದಿಸಿ. ನಿಮ್ಮದನ್ನೂ ಸೇರಿಸಿ. ಅಂತರ ಕಡಿಮೆಯಾಗಿದ್ದರೆ ನಿಯಮ ತರಗತಿಯ ಬಾಗಿಲು ದಾಟಿದೆ. ಒಬ್ಬರಲ್ಲಿ ಮಾತ್ರ ಅಂತರ ಉಳಿದಿದ್ದರೆ ಅವರ ಜೊತೆ ಕೂತು ಮಾತಾಡಿ, ಅದಕ್ಕಾಗಿ ಎಲ್ಲರ ಮೀಟಿಂಗ್ ಬೇಡ. ಎಲ್ಲರಲ್ಲೂ ಉಳಿದಿದ್ದರೆ ಅಂದಿನ ಒಪ್ಪಿಗೆ ನಿಮ್ಮ ಮುಖ ನೋಡಿ ಕೊಟ್ಟದ್ದು.

ಇನ್ನೂ ಒಂದು ಗುರುತಿದೆ. ನಿಯಮದಲ್ಲಿ ಬರೆಯದ ಹೊಸ ಬಗೆಯ ಉತ್ತರ ಸಿಕ್ಕೇ ಸಿಗುತ್ತದೆ, ಯಾವುದೋ ಮಗು ಬೇರೆಯೇ ವಿಧಾನದಿಂದ ಲೆಕ್ಕ ಬಿಡಿಸಿರುತ್ತದೆ. ನೀವು ರಜೆಯಲ್ಲಿದ್ದ ದಿನ ಅಂಥದ್ದು ಬಂದಾಗ ಶಿಕ್ಷಕರು ಏನು ಮಾಡಿದರು ಎಂದು ವಿಚಾರಿಸಿ. ಆ ಪತ್ರಿಕೆ ನಿಮ್ಮ ಮೇಜಿನ ಮೇಲೆ ನಿಮಗಾಗಿ ಕಾಯುತ್ತಿತ್ತೇ, ಯಾರೋ ಒಬ್ಬರು ತಮಗೆ ತೋಚಿದ ಅಂಕ ಕೊಟ್ಟು ಮುಗಿಸಿದ್ದರೇ, ಇಲ್ಲ ಇಬ್ಬರು ಮೂವರು ಕೂತು ತೀರ್ಮಾನಿಸಿ ಅದನ್ನು ಆ ನಿಯಮದ ಹಾಳೆಯ ಕೆಳಗೆ ಬರೆದಿಟ್ಟಿದ್ದರೇ?