ಒಲ್ಲದ ಸೀಟನ್ನು ಬಿಟ್ಟುಕೊಡುವ ಪತ್ರ

ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್. ಪ್ರವೇಶ ಪಡೆದಿದ್ದ ಹುಬ್ಬಳ್ಳಿಯ ವಿದ್ಯಾರ್ಥಿಯೊಬ್ಬರು, ಬೋಧನಾ ಸಹಾಯಕ ಹುದ್ದೆ ಕೊಟ್ಟ ಎರಡನೆಯದನ್ನು ಒಪ್ಪಿಕೊಂಡ ಮೇಲೆ, ಮೊದಲನೆಯದಕ್ಕೆ ‘ಸದ್ಯಕ್ಕೆ ಸೇರಲು ಸಾಧ್ಯವಾಗುತ್ತಿಲ್ಲ’ ಎಂದು ವಿನಯದಿಂದ ಬರೆದರು. ಪ್ರವೇಶ ಕಚೇರಿಯವರು ಅದನ್ನು ಮುಂದೂಡಿಕೆಯ ಕೋರಿಕೆ ಎಂದು ತಿಳಿದು, ಮುಂದಿನ ಅವಧಿಗೆ ಸೇರುವ ಅರ್ಜಿ ನಮೂನೆಯನ್ನು ಕಳುಹಿಸಿಬಿಟ್ಟರು. ಕಚೇರಿಯವರು ತಪ್ಪು ತಿಳಿದದ್ದಕ್ಕೆ ‘ಸದ್ಯಕ್ಕೆ’ ಎಂಬ ಒಂದೇ ಪದ ಸಾಕಾಗಿತ್ತು.

ಇಂಥ ಪತ್ರವನ್ನು ಕಳುಹಿಸುವ ಮೊದಲು, ಒಪ್ಪಿಕೊಂಡ ವಿಶ್ವವಿದ್ಯಾಲಯದಿಂದ ನಿಮ್ಮ ಒಪ್ಪಿಗೆ ತಲುಪಿದೆಯೆಂಬ ಲಿಖಿತ ದೃಢೀಕರಣ ಕೈಯಲ್ಲಿರಬೇಕು. ಒಮ್ಮೆ ಬಿಟ್ಟುಕೊಟ್ಟ ಸೀಟು ಮರಳಿ ಸಿಗುವ ಭರವಸೆಯಿಲ್ಲ. ಅನಂತರ, ಅರ್ಜಿ ಸಲ್ಲಿಸಿದ ಪೋರ್ಟಲ್‌ನಲ್ಲಿ ನಿರಾಕರಣೆಯ ಆಯ್ಕೆ ಇದ್ದರೆ ಮೊದಲು ಅಲ್ಲಿಯೇ ಉತ್ತರಿಸಿ, ಅರ್ಜಿಯಲ್ಲಿ ಕೊಟ್ಟಿದ್ದ ಅದೇ ಇಮೇಲ್ ವಿಳಾಸದಿಂದ ಪತ್ರ ಬರೆಯಬೇಕು. ವಿಷಯದ ಸಾಲಿನಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು, ಅರ್ಜಿ ಸಂಖ್ಯೆ, ಕೋರ್ಸು ಮತ್ತು ಸೇರಬೇಕಿದ್ದ ಅವಧಿ ಇದ್ದರೆ ಕಚೇರಿಯವರು ಹುಡುಕಾಡಬೇಕಾಗುವುದಿಲ್ಲ.

ಪತ್ರ ಇಂಗ್ಲಿಷಿನಲ್ಲಿ ಹೋಗುವುದಾದರೂ ಅದರ ಸಾರ ಇಷ್ಟೇ: ‘ನನಗೆ ಪ್ರವೇಶ ನೀಡಿದ್ದಕ್ಕೆ ಧನ್ಯವಾದಗಳು. ನಾನು ಬೇರೊಂದು ವಿಶ್ವವಿದ್ಯಾಲಯದ ಪ್ರವೇಶವನ್ನು ಒಪ್ಪಿಕೊಂಡಿರುವುದರಿಂದ ನಿಮ್ಮ ಪ್ರವೇಶವನ್ನೂ ಅದರ ಜೊತೆಗಿನ ಆರ್ಥಿಕ ನೆರವನ್ನೂ ನಿರಾಕರಿಸುತ್ತಿದ್ದೇನೆ. ಇದು ಮುಂದೂಡಿಕೆಯ ಕೋರಿಕೆಯಲ್ಲ. ವಿದ್ಯಾರ್ಥಿ ವೀಸಾಕ್ಕಾಗಿ ನನ್ನ ಹೆಸರಿನಲ್ಲಿ ನೀಡಿರುವ ಐ-20 ಪತ್ರವನ್ನು ರದ್ದುಪಡಿಸಿ, ದಯವಿಟ್ಟು ದೃಢೀಕರಿಸಿ.’ ಒಪ್ಪಿಕೊಂಡ ಸಂಸ್ಥೆಯ ಹೆಸರನ್ನಾಗಲಿ, ಮನೆಯ ಪರಿಸ್ಥಿತಿಯನ್ನಾಗಲಿ ಹೇಳಲೇಬೇಕೆಂದಿಲ್ಲ. ನಮ್ಮವರು ಸಂಕೋಚದಿಂದ ಎರಡು ಪುಟ ಕ್ಷಮೆ ಕೇಳುತ್ತಾರೆ. ನಿರಾಕರಣೆ ಯಾವ ಸಾಲಿನಲ್ಲಿದೆಯೆಂದು ಓದುವವರು ಹುಡುಕಬೇಕಾಗುತ್ತದೆ.

ಆರ್ಥಿಕ ನೆರವಿದ್ದರೆ ವಿಭಾಗದ ಸಂಯೋಜಕರಿಗೂ, ನಿಮ್ಮೊಡನೆ ಪತ್ರವ್ಯವಹಾರ ನಡೆಸಿದ ಪ್ರಾಧ್ಯಾಪಕರಿಗೂ ಪ್ರತ್ಯೇಕವಾಗಿ ತಿಳಿಸುವುದು ಒಳ್ಳೆಯದು. ಸ್ನಾತಕೋತ್ತರ ನೆರವಿನ ಕೊಡುಗೆಗಳಿಗೆ ಉತ್ತರಿಸಲು ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ ಗಡುವು ಏಪ್ರಿಲ್ 15. ನಿರ್ಧಾರ ಅದಕ್ಕೂ ಮೊದಲೇ ಆಗಿದ್ದರೆ ಅಂದೇ ಬರೆಯಬೇಕು, ಏಕೆಂದರೆ ನೀವು ಬಿಟ್ಟ ಹಣಕ್ಕೆ ಕಾಯುವ ಪಟ್ಟಿಯಲ್ಲಿರುವವರು ಆ ದಿನದವರೆಗೂ ಉಸಿರು ಬಿಗಿಹಿಡಿದಿರುತ್ತಾರೆ.

ಹುಬ್ಬಳ್ಳಿಯ ವಿದ್ಯಾರ್ಥಿಗೆ ಎರಡೂ ಕಡೆಯಿಂದ ಐ-20 ಬಂದಿತ್ತು. ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಯೇ ಸೆವಿಸ್; ಎರಡರಲ್ಲೂ N ಅಕ್ಷರದಿಂದ ಆರಂಭವಾಗುವ ಅದರ ಸಂಖ್ಯೆ ಬೇರೆಬೇರೆಯಾಗಿತ್ತು. ಅವರು ತಾವು ನಿರಾಕರಿಸಿದ ಸಂಸ್ಥೆಯ ಸಂಖ್ಯೆಗೆ 350 ಡಾಲರ್ ಸೆವಿಸ್ ಶುಲ್ಕವನ್ನು ಕಟ್ಟಿದ್ದರು. ಅದನ್ನು ಮತ್ತೆ ಕಟ್ಟುವ ಬದಲು, ಶುಲ್ಕ ಕಟ್ಟಿದ ಜಾಲತಾಣದ ಮೂಲಕವೇ ಹೊಸ ಸಂಖ್ಯೆಗೆ ವರ್ಗಾಯಿಸಿಕೊಂಡು, ವೀಸಾ ಅರ್ಜಿಯಲ್ಲಿಯೂ ಅದೇ ಸಂಖ್ಯೆಯನ್ನು ನಮೂದಿಸಿದರು. ಮುಂಗಡ ಠೇವಣಿ ಮಾತ್ರ ಮರಳಲಿಲ್ಲ. ಅದು ಮರಳದೆಂಬ ಷರತ್ತು ಪ್ರವೇಶ ಪತ್ರದಲ್ಲಿಯೇ ಇತ್ತು. ‘ಮುಂದೂಡಿಕೆಯಲ್ಲ’ ಎಂದು ಎರಡನೇ ಬಾರಿ ಬರೆದ ಪತ್ರಕ್ಕೆ ಬಂದ ದೃಢೀಕರಣವನ್ನು ಅವರು ವೀಸಾ ಕಾಗದಗಳ ಜೊತೆಯಲ್ಲೇ ಇರಿಸಿಕೊಂಡರು.